ಇಡಿಗಂಟೋ, ತಿಂಗಳ ಪಿಂಚಣಿಯೋ: ನಿವೃತ್ತಿಯ ಹೊಸ್ತಿಲಲ್ಲಿರುವ ಗೆಳೆಯನಿಗೆ ಪತ್ರ

ಪ್ರಿಯ ಗೆಳೆಯಾ,

ಮೊನ್ನೆ ರಾತ್ರಿ ಫೋನಿನಲ್ಲಿ ನೀನು ನಿನ್ನ ಪಿಂಚಣಿ ಅರ್ಜಿಯ ಐದು ಆಯ್ಕೆಯ ಸಾಲು ಓದಿದೆ. ನಾನು ಕ್ಯಾಲೆಂಡರಿನ ಹಳೇ ಹಾಳೆಯ ಹಿಂದೆ ಬರೆದುಕೊಂಡೆ. ಫೋನಿಟ್ಟ ಮೇಲೂ ಆ ಹಾಳೆ ಕೈಬಿಡಲಿಲ್ಲ. ಸಹಿ ಹಾಕಲು ಇನ್ನು ಮೂರೇ ವಾರ ಇದೆ ಅಂದೆ. ಒಮ್ಮೆ ಗುರುತು ಹಾಕಿದರೆ ಬದಲಾಯಿಸುವಂತಿಲ್ಲ ಅಂತಲೂ ಅಂದೆ. ಅದಕ್ಕೇ ಫೋನಿನಲ್ಲಿ ಹೇಳಿ ಮುಗಿಸದೆ ಕೂತು ಬರೆಯುತ್ತಿದ್ದೇನೆ. ನಿನ್ನ ಹೆಂಡತಿಯನ್ನೂ ಪಕ್ಕದಲ್ಲಿ ಕೂರಿಸಿಕೊಂಡು ಓದು. ಇದು ನಿನಗಿಂತ ಜಾಸ್ತಿ ಅವಳಿಗೆ ಸೇರಿದ ವಿಷಯ, ಯಾಕೆ ಅಂತ ಮುಂದೆ ಗೊತ್ತಾಗುತ್ತದೆ.

ಮೊದಲು ನಿನ್ನ ಐದು ಸಾಲನ್ನು ಸಣ್ಣ ಅಂಕಿಗೆ ಇಳಿಸಿಕೊಂಡೆ. ನಿನಗೊಬ್ಬನಿಗೇ, ನೀನಿರುವ ತನಕ ಬರುವ ಪಿಂಚಣಿಯನ್ನು ತಿಂಗಳಿಗೆ 100 ಎಂದು ಇಟ್ಟುಕೊಂಡೆ. ಆಗ ಉಳಿದದ್ದು ಹೀಗೆ ಬಂತು. ನಿನ್ನ ನಂತರವೂ ನಿನ್ನ ಹೆಂಡತಿಗೆ ಪೂರ್ತಿ ಮುಂದುವರಿಯುವ ಜಂಟಿ ಪಿಂಚಣಿ 86. ಅವಳಿಗೆ ಅರ್ಧ ಮಾತ್ರ ಮುಂದುವರಿಯುವುದಾದರೆ ಈಗ 92, ಆಮೇಲೆ ಅವಳಿಗೆ 46. ನೀನಿರುವ ತನಕ ಬಂದು, ನೀನು ಬೇಗ ಹೋದರೂ ಒಟ್ಟು 10 ವರ್ಷ ತುಂಬುವ ತನಕ ಖಾತರಿಯಾಗಿ ಬರುವುದು 97. ಕೊನೆಯದು, ಇದ್ಯಾವುದೂ ಬೇಡವೆಂದರೆ ಇಡಿಗಂಟು 15,000. ನಿನಗೆ ಈಗ 62 ವರ್ಷ, ಅವಳಿಗೆ 57. ಅವಳಿಗೆ ಸ್ವಂತ ಪಿಂಚಣಿ ಇಲ್ಲ. ಕೊನೆಯ ಈ ಎರಡು ವಾಕ್ಯವನ್ನು ಮರೆಯಬೇಡ. ಇಡೀ ಪತ್ರ ಅದರ ಮೇಲೇ ನಿಂತಿದೆ.

"15,000 ಕೈಗೆ ಬಂದರೆ ಎಷ್ಟು ದೊಡ್ಡ ಮೊತ್ತ ಅಲ್ವಾ, 100 ಯಾವ ಲೆಕ್ಕ" ಎಂದೆ ನೀನು. ದೊಡ್ಡದು ಹೌದೋ ಅಲ್ಲವೋ ನೋಡೋಣ. 15,000ವನ್ನು 100ರಿಂದ ಭಾಗಿಸಿದರೆ 150 ತಿಂಗಳು, ಅಂದರೆ ಹನ್ನೆರಡೂವರೆ ವರ್ಷ. ಬಡ್ಡಿಯೇ ಇಲ್ಲದೆ ಪೆಟ್ಟಿಗೆಯಲ್ಲಿಟ್ಟು ತಿಂಗಳಿಗೆ 100 ತೆಗೆದರೆ, ನಿನಗೆ 74 ದಾಟುವಷ್ಟರಲ್ಲಿ ಪೆಟ್ಟಿಗೆ ಖಾಲಿ. ಆದರೆ ಹಣವನ್ನು ಯಾರೂ ಪೆಟ್ಟಿಗೆಯಲ್ಲಿ ಇಡುವುದಿಲ್ಲ. ತೆರಿಗೆ, ಖರ್ಚು ಎಲ್ಲ ಕಳೆದು ವರ್ಷಕ್ಕೆ ಶೇಕಡಾ 3 ಉಳಿದರೆ, ಅದೇ 100 ತೆಗೆಯುತ್ತಾ ಹೋದರೂ ಗಂಟು ಸುಮಾರು ಹದಿನೈದೂ ಮುಕ್ಕಾಲು ವರ್ಷ ಬಾಳುತ್ತದೆ. ಶೇಕಡಾ 5 ಉಳಿದರೆ ಹತ್ತೊಂಬತ್ತೂವರೆ ವರ್ಷಕ್ಕೆ ಸ್ವಲ್ಪ ಮೇಲೆ, ಅಂದರೆ ನಿನ್ನ 81ರ ತನಕ. ಶೇಕಡಾ 6 ಆದರೆ 85ರ ತನಕ. ಶೇಕಡಾ 8 ಉಳಿದರೆ ಗಂಟು ಕರಗುವುದೇ ಇಲ್ಲ. 15,000ಕ್ಕೆ ಶೇಕಡಾ 8 ಎಂದರೆ ವರ್ಷಕ್ಕೆ 1,200, ಅದೇ ತಿಂಗಳಿಗೆ 100.

ಹಾಗಾಗಿ "ಯಾವುದು ದೊಡ್ಡದು" ಎಂದು ಕೇಳಿದರೆ ಒಂದೇ ಉತ್ತರ ಬರುವುದಿಲ್ಲ. "ಕಷ್ಟಪಡದೆ, ಭಯಪಡದೆ, ಎಲ್ಲ ಕಳೆದು ನನಗೆ ಎಷ್ಟು ಶೇಕಡಾ ಉಳಿಯುತ್ತದೆ" ಎಂದು ಕೇಳಿಕೋ. ಬ್ಯಾಂಕಿನ ಬೋರ್ಡಿನಲ್ಲಿ ಬರೆದ ಬಡ್ಡಿಯನ್ನು ಹಾಗೇ ಹಾಕಬೇಡ. ತೆರಿಗೆ ಕಳೆದು ಹಾಕು. ಇಡಿಗಂಟು ಬಂದ ವರ್ಷವೇ ಅದಕ್ಕೆ ತೆರಿಗೆ ಬೀಳುತ್ತದೆಯೋ, ಬಿದ್ದರೆ ಎಷ್ಟು ಎಂದು ವಿಚಾರಿಸು. 15,000ದಲ್ಲಿ ಮೊದಲ ದಿನವೇ 1,500 ತೆರಿಗೆಗೆ ಹೋದರೆ ನಿನ್ನ ಗಂಟು 13,500. ಆಗ ಮೇಲಿನ ಲೆಕ್ಕವೆಲ್ಲ ಮತ್ತೆ ಹಾಕಬೇಕು.

ಇಲ್ಲಿಯ ತನಕ ಎಲ್ಲರೂ ಲೆಕ್ಕ ಹಾಕುತ್ತಾರೆ. ನಾನೂ ನನ್ನ ಸಮಯದಲ್ಲಿ ಇಲ್ಲಿಗೇ ನಿಲ್ಲಿಸಿದ್ದೆ. "ನನಗೆ 81 ದಾಟುತ್ತದೆಯೇ" ಎಂದು ಒಂದು ವಾರ ಅದನ್ನೇ ಯೋಚಿಸುತ್ತಿದ್ದೆ. ಆಮೇಲೆ ಒಂದು ಘಟನೆ ನಡೆಯಿತು.

ಸ್ಟಾಫ್ ರೂಮಿನಲ್ಲಿ ಕಿಟಕಿ ಪಕ್ಕ ಕೂರುತ್ತಿದ್ದ ನನ್ನ ಹಿರಿಯ ಸಹೋದ್ಯೋಗಿಯೊಬ್ಬರು, ನನಗಿಂತ ಎರಡು ವರ್ಷ ಮೊದಲು ನಿವೃತ್ತರಾದವರು, ಎರಡನೆಯ ವರ್ಷವೇ ತೀರಿಕೊಂಡರು. ತಿಂಗಳಾದ ಮೇಲೆ ಅವರ ಹೆಂಡತಿ ಒಂದು ಫೈಲು ಹಿಡಿದು ಮನೆಗೆ ಬಂದರು. "ಪಿಂಚಣಿ ಈ ತಿಂಗಳು ಬಂದಿಲ್ಲ, ಎಲ್ಲಿ ಕೇಳಬೇಕು ಸ್ವಲ್ಪ ನೋಡಿ" ಎಂದರು. ಫೈಲಿನಲ್ಲಿ ಅರ್ಜಿಯ ಪ್ರತಿ ಇತ್ತು. ಅವರು ನೋಟ್ಸ್ ತಿದ್ದುತ್ತಿದ್ದ ಅದೇ ಹಸಿರು ಶಾಯಿಯಲ್ಲಿ, ಮೊದಲನೆಯ ಚೌಕದಲ್ಲಿ ಒಂದು ಗುರುತು ಇತ್ತು. ಎದುರಿಗೆ "ಪಿಂಚಣಿದಾರರ ಜೀವಿತಾವಧಿಗೆ ಮಾತ್ರ" ಎಂದು ಅಚ್ಚಾಗಿತ್ತು. ನಾನು ಆ ಸಾಲನ್ನು ಎರಡು ಸಲ ಓದಿದೆ. ಆಮೇಲೆ ಅವರಿಗೆ ಹೇಗೆ ಹೇಳುವುದು ಎಂದು ತಿಳಿಯದೆ ಸುಮ್ಮನೆ ಕೂತೆ. ಅವರು ಕೆಟ್ಟ ಮನುಷ್ಯರಲ್ಲ ಕಣೋ. ಹೆಂಡತಿಯನ್ನು ಪ್ರೀತಿಸುತ್ತಿದ್ದರು. ಐದು ಸಾಲಿನಲ್ಲಿ ಎಲ್ಲಕ್ಕಿಂತ ದೊಡ್ಡ ತಿಂಗಳ ಅಂಕಿ ಯಾವುದು ಎಂದು ನೋಡಿದ್ದರು, ಅಷ್ಟೇ.

ಅವತ್ತು ರಾತ್ರಿ ನನ್ನ ಲೆಕ್ಕವನ್ನು ಹೊಸದಾಗಿ ಹಾಕಿದೆ. ಈಗ ನಿನ್ನದನ್ನೂ ಹಾಗೇ ಹಾಕುತ್ತೇನೆ.

ಜಂಟಿ ಪಿಂಚಣಿ 86 ನೀವಿಬ್ಬರಲ್ಲಿ ಯಾರೊಬ್ಬರು ಇದ್ದರೂ ಬರುತ್ತದೆ. ಅದೇ 15,000ವನ್ನು ಶೇಕಡಾ 5ಕ್ಕೆ ಇಟ್ಟು ತಿಂಗಳಿಗೆ 86 ತೆಗೆದರೆ 26 ವರ್ಷ ಬರುತ್ತದೆ. 26 ವರ್ಷವಾದಾಗ ನಿನಗೆ 88, ಅವಳಿಗೆ 83. ನೀನು 88 ದಾಟುತ್ತೀಯಾ ಎಂಬುದು ಈಗ ಪ್ರಶ್ನೆಯೇ ಅಲ್ಲ. ನಿಮ್ಮಿಬ್ಬರಲ್ಲಿ ಒಬ್ಬರಾದರೂ ಆ ದಿನಕ್ಕೆ ಇರುತ್ತೀರಾ ಎಂಬುದೇ ಪ್ರಶ್ನೆ. ಇಬ್ಬರಲ್ಲಿ ಒಬ್ಬರು ಉಳಿಯುವ ಸಾಧ್ಯತೆ, ಒಬ್ಬನೇ ಉಳಿಯುವ ಸಾಧ್ಯತೆಗಿಂತ ಯಾವಾಗಲೂ ಜಾಸ್ತಿ. ಅದರಲ್ಲೂ ಅವಳು ನಿನಗಿಂತ 5 ವರ್ಷ ಚಿಕ್ಕವಳು. ಸಾಮಾನ್ಯವಾಗಿ ಹೆಂಗಸರ ಆಯಸ್ಸು ಗಂಡಸರದಕ್ಕಿಂತ ಕೆಲವು ವರ್ಷ ಜಾಸ್ತಿ. ಅವಳ ಅಮ್ಮನಿಗೆ 90 ಆಗಿದೆ, ಈಗಲೂ ಕನ್ನಡಕವಿಲ್ಲದೆ ಸೂಜಿಗೆ ದಾರ ಪೋಣಿಸುತ್ತಾರೆ ಎಂದು ನೀನೇ ಹೇಳಿದ್ದೆಯಲ್ಲ. 83 ಅವಳಿಗೆ ದೂರದ ವಯಸ್ಸೇನೂ ಅಲ್ಲ.

ನಡುವಿನ ಎರಡು ಸಾಲಿಗೆ ಬರುತ್ತೇನೆ. 92 ಮತ್ತು 46ರ ಆಯ್ಕೆ ನೋಡಲು ನ್ಯಾಯವಾಗಿ ಕಾಣುತ್ತದೆ. "ಒಬ್ಬರಿಗೆ ಅರ್ಧ ಸಾಕು" ಎನ್ನಿಸುತ್ತದೆ. ಆದರೆ ಮನೆಯಲ್ಲಿ ಒಬ್ಬರು ಇಲ್ಲದಾದರೆ ಖರ್ಚು ಅರ್ಧವಾಗುವುದಿಲ್ಲ. ಮನೆಯ ಬಾಡಿಗೆ ಅಷ್ಟೇ, ದೀಪ ಉರಿಯುವುದು ಅಷ್ಟೇ, ಸೋರುವ ಚಾವಣಿ ರಿಪೇರಿಯೂ ಅಷ್ಟೇ. ಇನ್ನು ಒಂಟಿಯಾದವರಿಗೆ ಸಹಾಯಕ್ಕೆ ಜನ ಬೇಕಾಗುತ್ತದೆ, ಅದು ಹೊಸ ಖರ್ಚು. ಲೆಕ್ಕವನ್ನೂ ನೋಡು. 86ರ ಬದಲು 92 ತೆಗೆದುಕೊಂಡರೆ ನಿನಗೆ ತಿಂಗಳಿಗೆ 6 ಜಾಸ್ತಿ. ನೀನು 20 ವರ್ಷ ಇದ್ದೆ ಅಂತಿಟ್ಟುಕೋ, ಒಟ್ಟು 1,440 ಜಾಸ್ತಿ ಬಂತು. ಆಮೇಲೆ ಅವಳಿಗೆ 86ರ ಬದಲು 46, ತಿಂಗಳಿಗೆ 40 ಕಡಿಮೆ. 36 ತಿಂಗಳಲ್ಲಿ ಆ 1,440 ಮುಗಿಯಿತು. ನೀನು ಆ 6ನ್ನು ಒಂದು ತಿಂಗಳೂ ಬಿಡದೆ ಶೇಕಡಾ 5ಕ್ಕೆ ಕೂಡಿಟ್ಟಿದ್ದರೂ ಆರು ವರ್ಷದೊಳಗೆ ಖಾಲಿ. 20 ವರ್ಷ ಯಾರು ಕೂಡಿಡುತ್ತಾರೆ, ಅದು ಸಂತೆಗೋ ಔಷಧಿಗೋ ಹೋಗಿರುತ್ತದೆ.

ಈ ಅರ್ಧದ ಆಯ್ಕೆಯ ಸಣ್ಣಕ್ಷರದಲ್ಲಿ ಒಂದು ವ್ಯತ್ಯಾಸ ಅಡಗಿರುತ್ತದೆ. ಕೆಲವು ಕಡೆ, ಪಿಂಚಣಿದಾರ ಸತ್ತರೆ ಮಾತ್ರ ಅರ್ಧವಾಗುತ್ತದೆ. ಇನ್ನು ಕೆಲವು ಕಡೆ, ಇಬ್ಬರಲ್ಲಿ ಯಾರು ಮೊದಲು ಹೋದರೂ ಅರ್ಧವಾಗುತ್ತದೆ. ಎರಡನೆಯದಾದರೆ, ಅವಳು ಮೊದಲು ಹೋದರೆ ನೀನೂ 46ರಲ್ಲೇ ಬದುಕಬೇಕು. ಹಾಗೇ ಇನ್ನೊಂದು: ಜಂಟಿ ಪಿಂಚಣಿ ಆರಿಸಿದ ಮೇಲೆ ಅವಳೇ ಮೊದಲು ತೀರಿಕೊಂಡರೆ, ನಿನ್ನ ಪಿಂಚಣಿ 86ರಲ್ಲೇ ನಿಲ್ಲುತ್ತದೆಯೋ, 100ಕ್ಕೆ ಮತ್ತೆ ಏರುತ್ತದೆಯೋ. ಏರುವ ನಿಯಮ ಕೆಲವು ಯೋಜನೆಗಳಲ್ಲಿದೆ. ಇದ್ದರೆ "ಅವಳಿಗೋಸ್ಕರ 14 ಸುಮ್ನೆ ಹೋಯಿತಲ್ಲ" ಎಂಬ ನಿನ್ನ ಚಿಂತೆಗೆ ಅಲ್ಲೇ ಉತ್ತರ ಸಿಗುತ್ತದೆ.

10 ವರ್ಷದ ಖಾತರಿ, ಆ 97, ನಿನಗಲ್ಲ. 97ಕ್ಕೆ ಖಾತರಿ ಸಿಕ್ಕಿತು ಎಂದು ಸಮಾಧಾನವಾಗುತ್ತದೆ, ಆದರೆ ಆ ಖಾತರಿ ನಿನ್ನ 72ಕ್ಕೆ ಮುಗಿಯುತ್ತದೆ. ಆಗ ಅವಳಿಗೆ 67. ನೀನು 73ರಲ್ಲಿ ಹೋದರೆ ಅವಳಿಗೆ ಏನೂ ಇಲ್ಲ. ಕಡಿಮೆ ಸಮಯಕ್ಕೆ ಯಾರನ್ನಾದರೂ ಕಾಪಾಡಬೇಕಿದ್ದರೆ, ಓದುವ ಮಕ್ಕಳಿದ್ದರೆ, ಸಾಲ ತೀರಿಸಲು ಎಂಟು ಹತ್ತು ವರ್ಷ ಬಾಕಿ ಇದ್ದರೆ ಅದು ಸರಿ.

ಈ ನಡುವೆ ಒಬ್ಬರು ಬಂದು ಹೇಳುತ್ತಾರೆ, ಬಂದೇ ಬರುತ್ತಾರೆ: "ಸರ್, 100ರದ್ದೇ ತೆಗೆದುಕೊಳ್ಳಿ, ಉಳಿಯುವ 14ರಲ್ಲಿ ನಿಮ್ಮ ಮೇಲೆ ಒಂದು ಜೀವವಿಮೆ ಮಾಡಿಸಿ, ಮೇಡಂಗೆ ಅದು ಸಿಗುತ್ತದೆ." ಕೇಳಲು ಜಾಣತನವಾಗಿದೆ. ಲೆಕ್ಕ ಹಾಕು. ನೀನು 75ರಲ್ಲಿ ಹೋದರೆ ಅವಳಿಗೆ ಆಗ 70. ಅಲ್ಲಿಂದ 20 ವರ್ಷ ತಿಂಗಳಿಗೆ 86 ಬರಬೇಕಾದರೆ, ಶೇಕಡಾ 5ಕ್ಕೆ ಇಟ್ಟರೂ ಅವಳ ಕೈಯಲ್ಲಿ ಸುಮಾರು 13,000 ಇರಬೇಕು. ಅಷ್ಟು ಮೊತ್ತದ ವಿಮೆ, ಸಕ್ಕರೆ ಕಾಯಿಲೆಯಿರುವ 62ರ ಮನುಷ್ಯನಿಗೆ, ತಿಂಗಳಿಗೆ 14ಕ್ಕೆ ಸಿಗುತ್ತದೆಯೇ ಎಂದು ಲಿಖಿತವಾಗಿ ಕೇಳು. ಸಿಕ್ಕರೂ ಎಷ್ಟನೆಯ ವಯಸ್ಸಿಗೆ ಆ ವಿಮೆ ಮುಗಿಯುತ್ತದೆ ಎಂದು ಕೇಳು. 80ಕ್ಕೆ ಮುಗಿಯುವ ವಿಮೆಯಿದ್ದು ನೀನು 81ರಲ್ಲಿ ಹೋದರೆ, ಅವಳಿಗೆ ವಿಮೆಯೂ ಇಲ್ಲ, ಪಿಂಚಣಿಯೂ ಇಲ್ಲ. ಒಂದು ಕಂತು ಕಟ್ಟಲು ಮರೆತರೂ ಅದೇ ಗತಿಯಾಗಬಹುದು.

ಈಗ ಇಡಿಗಂಟಿನ ವಿಷಯ. ಅದರ ಸೆಳೆತ ನಿನಗೊಬ್ಬನಿಗೇ ಇರುವುದಲ್ಲ. 1990ರ ದಶಕದ ಆರಂಭದಲ್ಲಿ ಅಮೆರಿಕ ತನ್ನ ಸೇನೆಯನ್ನು ಚಿಕ್ಕದು ಮಾಡಿದಾಗ, ಬಿಟ್ಟುಹೋಗುವವರಿಗೆ ಎರಡು ದಾರಿ ಕೊಟ್ಟಿತು: ಈಗಲೇ ಒಂದು ಗಂಟು, ಇಲ್ಲವೇ ವರ್ಷ ವರ್ಷ ಕಂತು. ಗಂಟಿನ ಮೇಲೆ ವರ್ಷಕ್ಕೆ ಶೇಕಡಾ 17ಕ್ಕಿಂತ ಜಾಸ್ತಿ ದುಡಿದರೆ ಮಾತ್ರ ಅದು ಕಂತಿಗೆ ಸಮ ಬರುತ್ತಿತ್ತು. ಅಷ್ಟು ಬಡ್ಡಿ ಎಲ್ಲೂ ಸಿಗುತ್ತಿರಲಿಲ್ಲ. ಆದರೂ ಸಾಮಾನ್ಯ ಸೈನಿಕರಲ್ಲಿ ನೂರಕ್ಕೆ 90ಕ್ಕಿಂತ ಹೆಚ್ಚು ಜನ, ಅಧಿಕಾರಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಗಂಟನ್ನೇ ಆರಿಸಿದರು. ಕಣ್ಣೆದುರಿನ ಮೊತ್ತ ಹಾಗೆ ಎಳೆಯುತ್ತದೆ.

ಗಂಟಿಗೆ ಎರಡು ಅಪಾಯ ಇದೆ. ಒಂದು ಮಾರುಕಟ್ಟೆಯದು. "ಸರಾಸರಿ ಶೇಕಡಾ 5 ಬರುತ್ತದೆ" ಎಂದು ಯಾರೋ ಹೇಳುತ್ತಾರೆ. ಸರಾಸರಿ ಸರಿಯಿದ್ದರೂ ಕೆಟ್ಟ ವರ್ಷ ಯಾವಾಗ ಬರುತ್ತದೆ ಎಂಬುದು ಮುಖ್ಯ. ಮೊದಲ ವರ್ಷವೇ ಶೇಕಡಾ 20 ಬಿತ್ತು ಅಂತಿಟ್ಟುಕೋ. 15,000 ಹೋಗಿ 12,000 ಆಯಿತು, ಆ ವರ್ಷ ನೀನು ತೆಗೆದ 1,200 ಕಳೆದರೆ 10,800. ಆಮೇಲೆ ಪ್ರತಿ ವರ್ಷ ತಪ್ಪದೆ ಶೇಕಡಾ 5 ಬಂದರೂ, ತಿಂಗಳಿಗೆ 100ರಂತೆ ಇನ್ನು 12 ವರ್ಷ ಮಾತ್ರ. ಅಂದರೆ ನಿನ್ನ 81ರ ತನಕ ಬರಬೇಕಿದ್ದ ಗಂಟು 75ಕ್ಕೇ ಮುಗಿಯಿತು. ಒಂದೇ ಒಂದು ಕೆಟ್ಟ ವರ್ಷ, ಆರಕ್ಕೂ ಹೆಚ್ಚು ವರ್ಷ ತಿಂದಿತು. ಇದೇ ಕುಸಿತ 20ನೇ ವರ್ಷದಲ್ಲಿ ಆಗಿದ್ದರೆ ಏನೂ ಅನ್ನಿಸುತ್ತಿರಲಿಲ್ಲ. ಆಗ ಗಂಟು ಬಹುತೇಕ ಮುಗಿದೇ ಹೋಗಿರುತ್ತಿತ್ತು.

ಇನ್ನೊಂದು ಅಪಾಯ ವಯಸ್ಸಿನದು. ನಮ್ಮಕ್ಕನಿಗೆ 84. ಭಾವ ಇಡಿಗಂಟು ತೆಗೆದುಕೊಂಡು, ಬಹಳ ಅಚ್ಚುಕಟ್ಟಾಗಿ ಐದಾರು ಠೇವಣಿ ಮಾಡಿಟ್ಟು ಹೋದರು. ಹೋದ ವರ್ಷ ಅಕ್ಕನ ಮನೆಗೆ ಹೋದಾಗ ಅವಳು ಒಂದು ತಗಡಿನ ಡಬ್ಬಿ ತಂದು ನನ್ನ ಮುಂದಿಟ್ಟಳು. ರಸೀದಿಗಳ ಮೇಲೆ ಭಾವನ ಕೈಬರಹದಲ್ಲಿ ತಾರೀಕು ಇತ್ತು. ಎರಡು ಠೇವಣಿ ಅವಧಿ ಮುಗಿದು ಒಂದು ವರ್ಷದ ಮೇಲಾಗಿತ್ತು, ಹಣ ಹಾಗೇ ಬಿದ್ದಿತ್ತು. ಅಕ್ಕ ದಡ್ಡಿಯಲ್ಲ. ಅವಳಿಗೆ ಆ ಅಕ್ಷರ ಈಗ ಕಾಣುವುದಿಲ್ಲ, ಯಾರನ್ನಾದರೂ ಕೇಳಲು ಸಂಕೋಚ. ತಿಂಗಳ ಪಿಂಚಣಿಯಾಗಿದ್ದರೆ ಒಂದನೇ ತಾರೀಕು ತಾನಾಗಿ ಖಾತೆಗೆ ಬರುತ್ತಿತ್ತು. ನಿನಗೆ 62ರಲ್ಲಿ ಲೆಕ್ಕ ನೋಡುವ ಶಕ್ತಿ ಇದೆ. ಅವಳಿಗೆ 83ರಲ್ಲಿ, ನೀನಿಲ್ಲದ ಮನೆಯಲ್ಲಿ, ಅದು ಇರಬೇಕಲ್ಲ. ಇನ್ನು ಮಕ್ಕಳೋ ನೆಂಟರೋ ಬಂದು "ಒಂದು ಆರು ತಿಂಗಳಿಗೆ ಕೊಡಿ" ಎಂದರೆ ಗಂಟಿನಿಂದ ಕೊಡದಿರುವುದು ಕಷ್ಟ. ಮುಂದೆ ಬರುವ ಪಿಂಚಣಿಯನ್ನು ಯಾರೂ ಸಾಲ ಕೇಳುವುದಿಲ್ಲ.

ಪಿಂಚಣಿಯ ದೊಡ್ಡ ದೋಷವನ್ನೂ ಮುಚ್ಚಿಡುವುದಿಲ್ಲ. ನಿನ್ನ 86 ವರ್ಷ ವರ್ಷ ಏರುತ್ತದೆಯೇ, ಹಾಗೇ ನಿಲ್ಲುತ್ತದೆಯೇ? ನೀನು ಓದಿದ ಸಾಲಿನಲ್ಲಿ ಅದು ಇರಲಿಲ್ಲ. ಏರದಿದ್ದರೆ, ಬೆಲೆ ವರ್ಷಕ್ಕೆ ಶೇಕಡಾ 4 ಏರಿದರೂ 18 ವರ್ಷದಲ್ಲಿ ಅದರ ಕೊಳ್ಳುವ ಶಕ್ತಿ ಅರ್ಧ. ಶೇಕಡಾ 6 ಏರಿದರೆ 12 ವರ್ಷದಲ್ಲೇ ಅರ್ಧ. ಇಡಿಗಂಟಿನ ಪರವಾಗಿ ಇರುವ ಗಟ್ಟಿ ಮಾತು ಇದೇ. ಆದರೆ ಗಂಟನ್ನು ಠೇವಣಿಯಲ್ಲಿಟ್ಟು ತಿಂಗಳಿಗೆ ಅಷ್ಟೇ ತೆಗೆಯುವವನಿಗೂ ಬೆಲೆಯೇರಿಕೆ ಅಷ್ಟೇ ಕಚ್ಚುತ್ತದೆ. ಅದರಿಂದ ತಪ್ಪಿಸಿಕೊಳ್ಳಲು ಮೊದಲ ವರ್ಷಗಳಲ್ಲಿ ಕಡಿಮೆ ತೆಗೆಯಬೇಕು, ಸ್ವಲ್ಪ ಭಾಗವನ್ನು ಏರಿಳಿಯುವ ಕಡೆ ಹಾಕಬೇಕು, ಬಿದ್ದಾಗ ಹೆದರಿ ಮಾರಬಾರದು. ಮೊದಲನೆಯದನ್ನು ಪಿಂಚಣಿಯಲ್ಲೂ ಮಾಡಬಹುದು: ಈಗಿನ 86ರಲ್ಲಿ 72ರೊಳಗೆ ಸಂಸಾರ ತೂಗಿಸಿ 14 ಕೂಡಿಡು. ನಾನು ಹಾಗೇ ಮಾಡುತ್ತಿದ್ದೇನೆ. ನಿನ್ನ ಯೋಜನೆಯಲ್ಲಿ ಏರುವ ಪಿಂಚಣಿಯ ಆಯ್ಕೆಯೂ ಇದ್ದರೆ, ಶುರುವಿನ ಅಂಕಿ ಚಿಕ್ಕದಾಗಿ ಕಂಡರೂ ಅದನ್ನು ತಳ್ಳಿಹಾಕಬೇಡ. 75ರಿಂದ ಶುರುವಾಗಿ ವರ್ಷಕ್ಕೆ ಶೇಕಡಾ 3 ಏರುವ ಪಿಂಚಣಿ ಹತ್ತು ವರ್ಷದಲ್ಲಿ 100ನ್ನು ದಾಟುತ್ತದೆ.

ನಿನ್ನ ಪರಿಸ್ಥಿತಿ ಬೇರೆಯಾಗಿದ್ದರೆ ನಾನೇ ಗಂಟು ತೆಗೆದುಕೋ ಅನ್ನುತ್ತಿದ್ದೆ. ನಿಮ್ಮಿಬ್ಬರಿಗೂ ಆಯಸ್ಸು ಕಡಿಮೆ ಮಾಡುವ ಕಾಯಿಲೆ ಇದೆ ಎಂದು ವೈದ್ಯರು ಹೇಳಿದ್ದರೆ, ಅವಳಿಗೆ ತನ್ನದೇ ಒಳ್ಳೆಯ ಪಿಂಚಣಿ ಇದ್ದಿದ್ದರೆ, ಶೇಕಡಾ 12ರ ಬಡ್ಡಿಯ ಸಾಲ ತಲೆಮೇಲಿದ್ದರೆ. ಪಿಂಚಣಿ ಕೊಡುವ ಸಂಸ್ಥೆಯೇ ಗಟ್ಟಿಯಿಲ್ಲ ಎಂಬ ಸಂಶಯ ಇದ್ದರೂ ಹಾಗೇ. 26 ವರ್ಷ ಕೊಡುತ್ತೇನೆ ಎಂಬ ಮಾತಿಗೆ 26 ವರ್ಷ ಬಾಳುವ ಸಂಸ್ಥೆ ಬೇಕು. ಅದು ಮುಳುಗಿದರೆ ನಿನ್ನ ಪಿಂಚಣಿಯನ್ನು ಯಾರು ಹೊರುತ್ತಾರೆ, ಎಷ್ಟರ ತನಕ ಹೊರುತ್ತಾರೆ ಎಂದು ತಿಳಿದುಕೊಂಡೇ ಸಹಿ ಹಾಕು.

ನಾನಾದರೆ ನಿನ್ನ ಜಾಗದಲ್ಲಿ 86ರ ಜಂಟಿ ಪಿಂಚಣಿಗೆ ಗುರುತು ಹಾಕುತ್ತೇನೆ. ಒಂದು ಭಾಗವನ್ನು ಮಾತ್ರ ಗಂಟಾಗಿ ತೆಗೆದುಕೊಳ್ಳಲು ನಿಯಮ ಬಿಟ್ಟರೆ, ಬೇರೆ ಉಳಿತಾಯ ಇಲ್ಲದಿದ್ದರೆ, ಆಸ್ಪತ್ರೆ ಖರ್ಚಿನಂಥ ಆಪತ್ತಿಗೆಂದು ಒಂದು ಸಣ್ಣ ಭಾಗ ತೆಗೆದಿಡುತ್ತೇನೆ, ಹತ್ತರಲ್ಲಿ ಒಂದು ಪಾಲಿಗಿಂತ ಜಾಸ್ತಿ ಅಲ್ಲ. ಅವಳಿಗೆ ಖಾತೆ ನಡೆಸಲು ಈಗಿನಿಂದಲೇ ಕಲಿಸುತ್ತೇನೆ, ಅರ್ಜಿಯ ಪ್ರತಿ ಎಲ್ಲಿದೆ ಎಂದು ತೋರಿಸಿಡುತ್ತೇನೆ.

ಆದರೆ ಸಹಿಗೆ ಮುಂಚೆ ನಾಳೆಯೇ ಕಚೇರಿಗೆ ಹೋಗು. ಬಾಯಲ್ಲಿ ಕೇಳಬೇಡ, ಕಾಗದದಲ್ಲಿ ಬರೆದು ಕೊಟ್ಟು ಕಾಗದದಲ್ಲೇ ಉತ್ತರ ತೆಗೆದುಕೋ. ಪಿಂಚಣಿ ವರ್ಷ ವರ್ಷ ಏರುತ್ತದೆಯೇ. ಅವಳು ಮೊದಲು ಹೋದರೆ ನನ್ನ ಅಂಕಿ ಏನಾಗುತ್ತದೆ. ಗಂಟಿಗೆ ತೆರಿಗೆ ಎಷ್ಟು, ಕೈಗೆ ನಿಜವಾಗಿ ಬರುವುದೆಷ್ಟು. ಭಾಗಶಃ ಗಂಟು ತೆಗೆದುಕೊಂಡರೆ ಜಂಟಿ ಪಿಂಚಣಿ ಎಷ್ಟಕ್ಕೆ ಇಳಿಯುತ್ತದೆ. ಅವಳ ಹುಟ್ಟಿದ ತಾರೀಕು ಅವರ ದಾಖಲೆಯಲ್ಲಿ ಸರಿಯಾಗಿದೆಯೇ ಎಂದೂ ನೋಡು. ಜಂಟಿ ಪಿಂಚಣಿಯ ಅಂಕಿ ಅವಳ ವಯಸ್ಸಿನ ಮೇಲೇ ನಿಂತಿರುತ್ತದೆ. ನನ್ನ ಹೆಂಡತಿಯದು ಎರಡು ವರ್ಷ ತಪ್ಪಾಗಿತ್ತು, ಸರಿಪಡಿಸಲು ಒಂದು ತಿಂಗಳು ಹಿಡಿಯಿತು.

ಉತ್ತರ ಬಂದ ತಕ್ಷಣ ತೆರಿಗೆ ಕಳೆದ ಗಂಟಿನ ಅಂಕಿಯನ್ನೂ, ಭಾಗಶಃ ಗಂಟು ತೆಗೆದ ಮೇಲಿನ ಪಿಂಚಣಿಯ ಅಂಕಿಯನ್ನೂ ನನಗೆ ಕಳಿಸು. ಅದೇ ಹಾಳೆಯ ಮೇಲೆ ಮತ್ತೆ ಲೆಕ್ಕ ಹಾಕಿ, ಎರಡೇ ದಿನದಲ್ಲಿ ತಿರುಗಿ ಬರೆಯುತ್ತೇನೆ.

ನಿನ್ನ ಹಳೆಯ ಗೆಳೆಯ